ನಮ್ಮೂರ ಟೀ ಬೋರ್ಡಿನ ವಯಸ್ಸೆಷ್ಟು?

(ಸುವರ್ಣ ಮಹೋತ್ಸವದ ಹಳೆಯ ವಸ್ತುಗಳ ಪ್ರದರ್ಶನದ ದಿನ ಮಾಡಿದ ಭಾಷಣದ ಬರಹರೂಪ)



ಪ್ರದರ್ಶನದ ಕೋಣೆಯಲ್ಲಿ ಕಿಟಕಿಯ ಪಕ್ಕ ಕೆಂಪು ನೆಲದ ಮೇಲೆ ಬಿಳಿ ಅಕ್ಷರದ ಒಂದು ಬ್ರೂಕ್ ಬಾಂಡ್ ಟೀ ಬೋರ್ಡ್ ಇದೆ. ಎರಡು ಅಡಿ ಉದ್ದ, ಒಂದೂವರೆ ಅಡಿ ಎತ್ತರ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿ ಅಜ್ಜ ಕೊಟ್ಟದ್ದು. ಅದರ ಕೆಳಗೆ ಚೀಟಿ ಬರೆಯುವಾಗ ಸಮಿತಿಯಲ್ಲಿ ಜಗಳವೇ ಆಯಿತು. "ಬ್ರಿಟಿಷರ ಕಾಲದ್ದು, 100 ವರ್ಷ ಹಳೆಯದು" ಎಂದು ಬರೆಯಬೇಕೆಂದು ಹಲವರ ಹಟ. ಅಜ್ಜ ಮಾತ್ರ, "ಅಷ್ಟು ಹಳೇದಲ್ಲಪ್ಪ, ಅಪ್ಪ ಅದನ್ನ ಹೊಡೆಸಿದಾಗ ನಾನು ಶಾಲೆಗೆ ಹೋಗ್ತಿದ್ದೆ" ಅಂದರು. ವಯಸ್ಸಾದವರಿಗೆ ಮರೆವು ಎಂದು ಯಾರೂ ಆ ಮಾತಿಗೆ ಬೆಲೆ ಕೊಡಲಿಲ್ಲ. ಇಂಥ ಬೋರ್ಡುಗಳನ್ನು ಹತ್ತು ವರ್ಷದಿಂದ ಹುಡುಕಿ ನೋಡುವ ಹುಚ್ಚು ನನಗಿರುವುದರಿಂದ, ತೀರ್ಮಾನ ಮಾಡುವ ಕೆಲಸ ನನಗೆ ಬಂತು. ಹೇಗೆ ಮಾಡಿದೆ ಎನ್ನುವುದನ್ನೇ ಇವತ್ತು ಹೇಳುತ್ತೇನೆ.

ಮೊದಲು ಇದು ಯಾವ ಜಾತಿಯ ಬೋರ್ಡ್ ಎಂದು ತಿಳಿಯಬೇಕು. ತೆಳು ತಗಡಿನ ಮೇಲೆ ಬಣ್ಣ ಮುದ್ರಿಸಿದ್ದು ಒಂದು ಬಗೆ. ಅದರಲ್ಲಿ ತುಕ್ಕು ಬಣ್ಣದ ಅಡಿಯಲ್ಲೇ ಹರಡಿ ಸಿಪ್ಪೆ ಏಳುತ್ತದೆ. ಇನ್ನೊಂದು ಎನಾಮಲ್. ನಮ್ಮ ಮನೆಗಳಲ್ಲಿದ್ದ ಎನಾಮಲ್ ತಟ್ಟೆಯ ಹಾಗೆ, ಕಬ್ಬಿಣದ ಹಾಳೆಗೆ ಗಾಜಿನ ಪುಡಿ ಬಳಿದು ಸುಮಾರು 800 ಡಿಗ್ರಿ ಶಾಖದ ಕುಲುಮೆಯಲ್ಲಿ ಕರಗಿಸಿ ಅಂಟಿಸಿದ್ದು. ಮೊದಲು ಕಪ್ಪು ಛಾಯೆಯ ಒಂದು ಪದರ, ಅದರ ಮೇಲೆ ಬಿಳಿ, ಅದರ ಮೇಲೆ ಕೆಂಪು. ಕೆಂಪು ಪುಡಿ ಒಣಗಿದ ಮೇಲೆ ಅಕ್ಷರದ ಅಚ್ಚಿಟ್ಟು ಬ್ರಷ್‌ನಿಂದ ಉಜ್ಜಿದರೆ, ಅಕ್ಷರದ ಜಾಗದಲ್ಲಿ ಅಡಿಯ ಬಿಳಿ ಕಾಣುತ್ತದೆ. ಆಮೇಲೆ ಮತ್ತೆ ಸುಡುತ್ತಾರೆ. ಹಾಗಾಗಿ ನಮ್ಮ ಬೋರ್ಡಿನ ಮೇಲೆ ಉಗುರು ಎಳೆದರೆ, ಕೆಂಪಿನಿಂದ ಬಿಳಿಗೆ ಬರುವಾಗ ಸಣ್ಣ ಮೆಟ್ಟಿಲು ಇಳಿದ ಹಾಗೆ ಆಗುತ್ತದೆ. ಇದು ಎನಾಮಲ್, ಅನುಮಾನವಿಲ್ಲ.

ಎರಡನೆಯದು ಅಕ್ಷರ. ನಮ್ಮ ಬೋರ್ಡಿನಲ್ಲಿ "ಬ್ರೂಕ್"ನ ಬಕಾರಕ್ಕೂ "ಬಾಂಡ್"ನ ಬಕಾರಕ್ಕೂ ಹೊಟ್ಟೆಯ ಗಾತ್ರ ಸ್ವಲ್ಪ ಬೇರೆ. ಅಂದರೆ ಅಚ್ಚಿನ ಅಕ್ಷರಗಳನ್ನು ಕೈಯಲ್ಲಿ ಬರೆದು ಕತ್ತರಿಸಿದ್ದಾರೆ. ಕಂಪ್ಯೂಟರ್ ಫಾಂಟ್ ಆಗಿದ್ದರೆ ಎರಡೂ ಒಂದೇ ಪಡಿಯಚ್ಚು. ಈ ವಿಷಯದಲ್ಲಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾಲ್ಕು ಸಾವಿರ ಕೊಟ್ಟು "ಹಳೆಯ" ಸೋಪಿನ ಬೋರ್ಡ್ ತಂದೆ. ಮನೆಗೆ ಬಂದು ನಿಧಾನವಾಗಿ ಓದಿದರೆ "ಉತ್ತಮ" ಎಂಬುದು "ಉತ್‌ತಮ" ಎಂದಿತ್ತು. ಕನ್ನಡದ ಒತ್ತಕ್ಷರ ಕೂಡಿಸಲು ಬಾರದ ಸಾಫ್ಟ್‌ವೇರ್ ಮಾಡುವ ತಪ್ಪು ಅದು. ದಿನಾ ಆಫೀಸಿನಲ್ಲಿ ಅದನ್ನೇ ನೋಡುವವನಿಗೆ ಅಂಗಡಿಯಲ್ಲಿ ಕಾಣಲಿಲ್ಲ! ಕೈಯಿಂದ ಬರೆಯುವ ಯಾವ ಪೇಂಟರೂ ಹಾಗೆ ಬರೆಯುವುದಿಲ್ಲ. ಆದರೆ ಅಕ್ಷರದಿಂದ ಇಸವಿ ಸಿಗುವುದಿಲ್ಲ ಎನ್ನುವುದೂ ನೆನಪಿರಲಿ. ಗುರುವಿನ ಕೈಬರಹವನ್ನೇ ಶಿಷ್ಯ ಬರೆಯುತ್ತಾನೆ, ಒಂದೇ ಅಚ್ಚನ್ನು ವರ್ಷಗಟ್ಟಲೆ ಬಳಸುತ್ತಾರೆ.

ಮೂರನೆಯದು ಕಂಪನಿಯ ಚರಿತ್ರೆ. ಕೆಲವು ಹೆಸರುಗಳು ತಾವೇ ಕಾಲ ಹೇಳುತ್ತವೆ. ಸೀಮೆಎಣ್ಣೆಯ ಬೋರ್ಡಿನಲ್ಲಿ "ಬರ್ಮಾ ಷೆಲ್" ಎಂದಿದ್ದರೆ ಅದು 1928ರಿಂದ 1976ರ ಒಳಗಿನದು, ಏಕೆಂದರೆ ಆ ಕಂಪನಿ ಹುಟ್ಟಿದ್ದು 1928ರಲ್ಲಿ, ಸರ್ಕಾರದ ಕೈಗೆ ಬಂದದ್ದು 1976ರಲ್ಲಿ. 1977ರಿಂದ ಅದು ಭಾರತ್ ಪೆಟ್ರೋಲಿಯಂ. ಬ್ರೂಕ್ ಬಾಂಡ್ ಹೆಸರಿಗೆ ಆ ಗುಣವಿಲ್ಲ. ಇಂಗ್ಲೆಂಡಿನಲ್ಲಿ ಆರ್ಥರ್ ಬ್ರೂಕ್ ಎಂಬವರು 1869ರಲ್ಲಿ ಅಂಗಡಿ ತೆರೆದಾಗ ಇಟ್ಟ ಹೆಸರು ಅದು. ಬಾಂಡ್ ಎಂಬ ಪಾಲುದಾರ ಇರಲೇ ಇಲ್ಲ, ಕಿವಿಗೆ ಚೆನ್ನಾಗಿದೆ ಎಂದು ಸೇರಿಸಿದ್ದು. ಮಾಲೀಕರು ಬದಲಾದರೂ ಆ ಹೆಸರು ಇವತ್ತಿಗೂ ಟೀ ಪೊಟ್ಟಣದ ಮೇಲಿದೆ. ಇಂಗ್ಲಿಷ್ ಹೆಸರು ಕಂಡ ಕೂಡಲೇ ಬ್ರಿಟಿಷರ ಕಾಲ ಎನ್ನುವುದು ಇಲ್ಲೇ ತಪ್ಪುವುದು.

ಹಾಗಾದರೆ ನಮ್ಮ ಬೋರ್ಡಿಗೆ ಕಾಲ ಹೇಳುವುದು ಯಾವುದು? ಕೆಳಗಿನ ಎಡಮೂಲೆಯಲ್ಲಿ ಮಣ್ಣು ಮುಚ್ಚಿಕೊಂಡಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಒಂದು ಸಾಲು ಕಂಡಿತು: "ಪೊಟ್ಟಣ 6 ನ.ಪೈ." ಕೂತಿರುವ ಹಿರಿಯರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಯಾ ಪೈಸೆ! ರೂಪಾಯಿಗೆ 16 ಆಣೆ ಎಂಬ ಲೆಕ್ಕ ಹೋಗಿ 100 ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. "ನಯಾ" ಎಂಬ ಮಾತನ್ನು ಸರ್ಕಾರ ಕೈಬಿಟ್ಟದ್ದು 1964ರ ಜೂನ್ 1ರಂದು. 1957ಕ್ಕೆ ಮುಂಚೆ ಈ ಸಾಲನ್ನು ಬರೆಯಲು ಸಾಧ್ಯವೇ ಇರಲಿಲ್ಲ. ಕೊನೆಯ ಗಡಿ ಅಷ್ಟು ಗಟ್ಟಿಯಲ್ಲ, ಹಳೆಯ ಅಚ್ಚನ್ನು ಇನ್ನೊಂದೆರಡು ವರ್ಷ ಬಳಸಿರಬಹುದು. ಬೋರ್ಡಿನಲ್ಲಿ ಹತ್ತು ಸುಳಿವಿದ್ದರೂ, ಅವುಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ ಅದೇ ತೀರ್ಮಾನ ಮಾಡುತ್ತದೆ.

"ಹಾಗಾದರೆ ಇಷ್ಟೊಂದು ತುಕ್ಕು ಹೇಗೆ?" ಎಂದು ಸಮಿತಿಯವರು ಕೇಳಿದರು. ಗಾಜಿಗೆ ತುಕ್ಕು ಹಿಡಿಯುವುದಿಲ್ಲ. ಗಾಜು ಒಡೆದ ಕಡೆ ಮಾತ್ರ ಕಬ್ಬಿಣ ತುಕ್ಕಾಗುತ್ತದೆ. ಮೊಳೆ ಬಿಗಿ ಹೊಡೆದಾಗ ತೂತಿನ ಸುತ್ತ ಗಾಜು ಬಿರಿದು, ಮಳೆನೀರು ಅಲ್ಲಿಂದ ಇಳಿದು ಕಂದು ಬಾಲದಂತೆ ಕಲೆ ಮೂಡುತ್ತದೆ. ನಮ್ಮ ಬೋರ್ಡಿನಲ್ಲಿ ಮೇಲಿನ ಎರಡು ತೂತುಗಳಿಂದ ಅಂಥ ಬಾಲ ನೇರ ಕೆಳಗೆ ಇಳಿದಿದೆ. ಆದರೆ ಬಲ ಅಂಚಿನಿಂದ ಇನ್ನೊಂದು ಜೊತೆ ಬಾಲಗಳು ಅಡ್ಡಡ್ಡ ಎಡಕ್ಕೆ ಹೋಗಿವೆ. ನೀರು ಅಡ್ಡ ಹರಿಯುವುದಿಲ್ಲವಲ್ಲ! ಅಂದರೆ ಬೋರ್ಡನ್ನು ಕೆಲವು ಕಾಲ ಬಲ ಅಂಚು ಮೇಲಾಗಿ ನಿಲ್ಲಿಸಿದ್ದರು. ಅಜ್ಜನನ್ನು ಕೇಳಿದೆ. "ಹೌದು ಮಗಾ, ಅಂಗಡಿ ಬದಲಾಯಿಸಿದಾಗ ಕೊಟ್ಟಿಗೆ ಕಿಟಕಿಗೆ ಉದ್ದಕ್ಕೆ ಹೊಡೆದಿದ್ವಿ, ಮಳೆ ಇರಚಲು ಬರ್ತಿತ್ತು" ಅಂದರು. ಕೊಟ್ಟಿಗೆಯ ತೇವ, ಗಂಜಲದ ಉಪ್ಪು ಕಬ್ಬಿಣವನ್ನು ಬೇಗ ತಿನ್ನುತ್ತವೆ. ತುಕ್ಕು ಬೋರ್ಡ್ ಎಲ್ಲಿತ್ತು, ಹೇಗಿತ್ತು ಎಂದು ಹೇಳುತ್ತದೆ. ಎಷ್ಟು ವರ್ಷ ಎಂದು ಹೇಳುವುದಿಲ್ಲ.

ಆದರೆ ತುಕ್ಕು ಸುಳ್ಳನ್ನು ಹಿಡಿಯುತ್ತದೆ. ಹಳೆಯ ಗಾಯದಲ್ಲಿ ನಡುವೆ ಗಟ್ಟಿಯಾದ ಕಪ್ಪು-ಕಂದು ತುಕ್ಕು, ಸುತ್ತ ಅಡಿಪದರದ ಕಪ್ಪು ಉಂಗುರ, ಆಚೆ ಬಿಳಿ ಉಂಗುರ ಕಾಣುತ್ತವೆ. ನಾನು ತಂದ ನಕಲಿಯಲ್ಲಿ ಉಂಗುರಗಳೇ ಇರಲಿಲ್ಲ. ನಾಲ್ಕೂ ಮೂಲೆಯಲ್ಲಿ ಒಂದೇ ಅಳತೆಯ ಗಾಯ, ಕೈಗೆ ಪುಡಿಯಾಗಿ ಹತ್ತುವ ಕಿತ್ತಳೆ ತುಕ್ಕು. ಬಾಲದ ಕಲೆ ಒಂದೂ ಇಲ್ಲ, ಏಕೆಂದರೆ ಅದು ಎಂದೂ ಮಳೆಯಲ್ಲಿ ನೇತಾಡಿರಲಿಲ್ಲ.

ಪ್ರದರ್ಶನಕ್ಕೆ ಮುಂಚೆ ಬೋರ್ಡನ್ನು ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಯಿಸೋಣ ಎಂದು ನಮ್ಮ ಹುಡುಗರು ಹೊರಟಿದ್ದರು. ತಡೆದೆ. ಹುಳಿ ಹಾಕಿ ಉಜ್ಜಿದ್ದರೆ ಆ ಅಡ್ಡ ಕಲೆ ಹೋಗುತ್ತಿತ್ತು, ಅಜ್ಜನ ಕೊಟ್ಟಿಗೆಯ ಕಥೆಗೆ ಸಾಕ್ಷಿ ಇರುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಈಗ ಚೀಟಿಯಲ್ಲಿ ಹೀಗಿದೆ: "ಎನಾಮಲ್ ಬೋರ್ಡ್, 1957ರ ನಂತರದ್ದು, ಬಹುಶಃ 1964ರ ಒಳಗಿನದು." 100 ವರ್ಷ ಹೋಗಿ 60 ಚಿಲ್ಲರೆ ಆಯಿತಲ್ಲ ಎಂದು ಕೆಲವರಿಗೆ ಬೇಸರ. ಆದರೂ ಅದು ನಮ್ಮ ಈ ಶಾಲೆಗಿಂತ ಹಿರಿಯದೇ. ಚೀಟಿ ಓದಿದ ಅಜ್ಜ ಬೆರಳಲ್ಲಿ ಲೆಕ್ಕ ಹಾಕಿ, "ನಾನಾಗ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ. ನಾನು ಹೇಳಿದ್ದೇ ಸರಿ ಆಯ್ತಲ್ಲ" ಅಂದರು. ಆಯಿತು ಅಜ್ಜ, ನೀವು ಹೇಳಿದ್ದೇ ಸರಿ.