ಮೂರು ಸಾಲಿನ ಅರ್ಜಿ, ಆರು ವಾರದ ಹಕ್ಕು

ಪೀಣ್ಯ, ರಾಜಾಜಿನಗರ, ವಿಜಯನಗರದ ಕಾರ್ಖಾನೆ, ಕಚೇರಿಗಳಿಂದ ಕುರುಬರಹಳ್ಳಿಗೆ ಬಂದಿರುವ ಎಚ್‌ಆರ್ ಅಧಿಕಾರಿಗಳೇ, ಈ ವಿಚಾರಸಂಕಿರಣದ ಆಶಯವನ್ನು ಒಂದು ರಜೆ ಅರ್ಜಿಯ ಮೂಲಕ ಹೇಳುತ್ತೇನೆ. ಗರ್ಭ ಇಳಿದುಹೋದ ಹೆಣ್ಣುಮಗಳು ನಿಮಗೆ ಏನೆಂದು ಬರೆಯುತ್ತಾಳೆ? 'ಹುಷಾರಿಲ್ಲ, ನಾಲ್ಕು ದಿನ ರಜೆ ಬೇಕು' ಎಂದಷ್ಟೇ. ನೀವು ಅವಳ ಸಿಎಲ್ ಲೆಕ್ಕ ನೋಡುತ್ತೀರಿ. ಎರಡು ದಿನ ಉಳಿದಿದ್ದರೆ ಎರಡಕ್ಕೆ ಸಂಬಳ, ಉಳಿದೆರಡಕ್ಕೆ ಲಾಸ್ ಆಫ್ ಪೇ. ಐದನೆಯ ದಿನ ಅವಳು ರಕ್ತಸ್ರಾವ ನಿಲ್ಲುವ ಮೊದಲೇ ಮತ್ತೆ ಮೆಷಿನ್ ಮುಂದೆ ಕೂತಿರುತ್ತಾಳೆ.

ಕಾನೂನು ಅವಳಿಗೆ ಕೊಟ್ಟಿರುವುದು ನಾಲ್ಕು ದಿನವಲ್ಲ, ಆರು ವಾರ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಕಚೇರಿಗಳಿಗೂ ಎಲ್ಲ ಕಾರ್ಖಾನೆಗಳಿಗೂ ಇದು ಅನ್ವಯ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಕಲಮಿನಲ್ಲಿದ್ದ ಈ ಹಕ್ಕನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯ 65ನೇ ಕಲಂ ಹಾಗೆಯೇ ಉಳಿಸಿಕೊಂಡಿದೆ. ಇದರ ಜೊತೆಗೇ ಇನ್ನೊಂದು ಮಾತಿದೆ, ಅದನ್ನು ನಮ್ಮಲ್ಲಿ ಅನೇಕರು ಓದಿಯೇ ಇಲ್ಲ. ಗರ್ಭಪಾತವಾಗಿದೆಯೆಂದು ತಿಳಿದೂ ಆ ಆರು ವಾರದಲ್ಲಿ ಅವಳಿಂದ ಕೆಲಸ ಮಾಡಿಸುವುದು ಮಾಲೀಕರಿಗೆ ನಿಷಿದ್ಧ. ಅಂದರೆ ವಿಷಯ ನಿಮಗೆ ಗೊತ್ತಾದ ಮೇಲೆ 'ಮೂರು ದಿನ ಸಾಕಲ್ಲವೇ' ಎಂದು ಚೌಕಾಸಿ ಮಾಡುವ ಅಧಿಕಾರ ನಿಮಗಿಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಹಕ್ಕು ಸಿಗಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಫ್ಲೋರಿಗೆ ಸುದ್ದಿ. ಮದುವೆಯಾಗಿ ಆರು ತಿಂಗಳಾದವಳಿಗೂ, ಮನೆಯಲ್ಲಿ ಅತ್ತೆಗೆ ಇನ್ನೂ ಹೇಳದವಳಿಗೂ ಇದು ಸಣ್ಣ ಭಯವಲ್ಲ. ಅದಕ್ಕೇ ಅವಳು ಹುಷಾರಿಲ್ಲ ಎಂದು ಬರೆದು ಹಕ್ಕನ್ನು ಬಿಟ್ಟುಕೊಡುತ್ತಾಳೆ.

ಗುಟ್ಟೂ ಉಳಿಯಬೇಕು, ಹಕ್ಕೂ ಸಿಗಬೇಕು. ಅಂಥ ಅರ್ಜಿ ಹೇಗಿರಬಹುದು, ನೋಡಿ. ಜೂನ್ 3ರಂದು ಗರ್ಭಪಾತವಾಗಿದೆ ಎಂದುಕೊಳ್ಳಿ. 'ಮಾನ್ಯರೇ, ಸಾಮಾಜಿಕ ಭದ್ರತಾ ಸಂಹಿತೆಯ 65ನೇ ಕಲಮಿನಂತೆ ಜೂನ್ 4ರಿಂದ ಜುಲೈ 15ರವರೆಗೆ ವೇತನಸಹಿತ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ. ವೈದ್ಯರ ಪ್ರಮಾಣಪತ್ರ ಮುಚ್ಚಿದ ಲಕೋಟೆಯಲ್ಲಿದೆ. ವಿವರವನ್ನು ನನ್ನ ವಿಭಾಗದವರಿಗೆ ತಿಳಿಸಬಾರದೆಂದು ವಿನಂತಿ.' ಇಷ್ಟೇ. ದುಃಖದ ಕಥೆ ಬೇಡ, ಕ್ಷಮೆ ಬೇಡ, ಗರ್ಭ ಎಂಬ ಮಾತೂ ಬೇಡ.

ದಿನಾಂಕಗಳನ್ನು ಗಮನಿಸಿ. ಲೆಕ್ಕ ಅರ್ಜಿ ಕೊಟ್ಟ ದಿನದಿಂದಲ್ಲ, ಗರ್ಭಪಾತದ ಮರುದಿನದಿಂದ. ಭಾನುವಾರಗಳೂ ಸೇರಿ 42 ದಿನ. ಹತ್ತು ದಿನ ತಡವಾಗಿ ಅರ್ಜಿ ಬಂದರೆ ಆ ಹತ್ತು ದಿನಕ್ಕೆ ಹಾಕಿದ ಸಿಎಲ್ ವಾಪಸ್ ಜಮಾ ಮಾಡಿ, ಲಾಸ್ ಆಫ್ ಪೇ ತೆಗೆಯಿರಿ.

ಇನ್ನು ಲಕೋಟೆಯೊಳಗಿನದು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಕೇಳಬೇಡಿ. ಹಿಂದಿನ ಬಸಿರು, ಸ್ಕ್ಯಾನಿಂಗ್, ಔಷಧಿ, ಎಲ್ಲವೂ ಅದರಲ್ಲಿರುತ್ತದೆ. ಯಾವ ದಿನ ಆಯಿತು, ಎಷ್ಟು ವಾರದ ಗರ್ಭ ಎಂದು ವೈದ್ಯರು ಬರೆದುಕೊಟ್ಟ ಒಂದು ಪ್ರಮಾಣಪತ್ರ ಸಾಕು. ವಾರ ಏಕೆ ಬೇಕೆಂದರೆ, 26 ವಾರದೊಳಗಿನದು ಮಾತ್ರ ಕಾನೂನಿನ ಕಣ್ಣಿನಲ್ಲಿ ಗರ್ಭಪಾತ. ಅದು ದಾಟಿ ಮಗು ಸತ್ತು ಹುಟ್ಟಿದರೆ ಅದು ಹೆರಿಗೆ, ಪೂರ್ತಿ ಹೆರಿಗೆ ರಜೆಯೇ ಸಲ್ಲಬೇಕು. ಅದನ್ನು ಆರು ವಾರಕ್ಕೆ ಇಳಿಸಿದರೆ ಅನ್ಯಾಯವಾಗುತ್ತದೆ. ಆರು ವಾರದ ನಂತರವೂ ಕಾಯಿಲೆ ಬಿಡದಿದ್ದರೆ, ಪ್ರಮಾಣಪತ್ರದ ಮೇಲೆ ಇನ್ನೊಂದು ತಿಂಗಳವರೆಗೆ ವೇತನಸಹಿತ ರಜೆ ಉಂಟು.

ಇಎಸ್‌ಐ ಇರುವವರ ದಾರಿ ಬೇರೆ. ಅಲ್ಲಿ ಹಣ ಕೊಡುವುದು ಕಂಪನಿಯಲ್ಲ, ನಿಗಮ. ವಂತಿಗೆಯ ದಿನಗಳ ಷರತ್ತು ಪೂರೈಸಿದ್ದರೆ ಅವಳಿಗೆ ಅದೇ ಆರು ವಾರದ ಸೌಲಭ್ಯ ಸಿಗುತ್ತದೆ. ನಮ್ಮ ಭಾಗದ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಹತ್ತಿರದಲ್ಲೇ ಇದೆ. ಕಂಪನಿಗೆ ಒಂದು ರೂಪಾಯಿ ಸಂಬಳದ ಹೊರೆ ಇಲ್ಲದ ಕಡೆಯೂ ಅವಳನ್ನು ಐದನೆಯ ದಿನ ಕೆಲಸಕ್ಕೆ ಕರೆಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕಾಗದವೆಲ್ಲ ಸರಿಯಿದ್ದೂ ಗುಟ್ಟು ಸೋರುವ ಜಾಗ ಹಾಜರಿ ಪಟ್ಟಿ. 'ಮೆಟರ್ನಿಟಿ' ಎಂಬ ಕೋಡ್ ಸೂಪರ್‌ವೈಸರ್ ಪರದೆಯಲ್ಲಿ ಕಂಡರೆ ಸಾಕು, ಲಕೋಟೆಯ ಅಂಟು ವ್ಯರ್ಥ. ಅಲ್ಲಿ 'ವೇತನಸಹಿತ ರಜೆ' ಎಂದಷ್ಟೇ ಇರಲಿ. ಕಾರಣ ಎಚ್‌ಆರ್‌ನ ಒಬ್ಬರ ಕಡತದಲ್ಲಿರಲಿ.

ಹತ್ತು ಜನರಿಲ್ಲದ ಅಂಗಡಿ, ಮನೆಗೆಲಸದವರಿಗೆ ಈ ಕಾನೂನು ತಲುಪುವುದಿಲ್ಲ. ಆ ಕೊರತೆಯನ್ನು ನಾಳಿನ ಗೋಷ್ಠಿ ಚರ್ಚಿಸಲಿ. ಇವತ್ತು ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಸಂಜೆಯೊಳಗೆ ಪ್ರತಿ ಸಂಸ್ಥೆಯವರೂ ಒಂದು ಕನ್ನಡ ಅರ್ಜಿ ನಮೂನೆ ಸಿದ್ಧಪಡಿಸಿ, ಲಕೋಟೆ ತೆರೆಯುವ ಒಬ್ಬರ ಹೆಸರು ಗೊತ್ತುಮಾಡಿಕೊಂಡು ಹೋಗಬೇಕು. ನಾಲ್ಕು ದಿನ ಕೇಳಿಕೊಂಡು ಬಂದವಳಿಗೆ ಆರು ವಾರವಿದೆಯೆಂದು ಮೊದಲು ಹೇಳಬೇಕಾದವರು ನೀವು. ಅದನ್ನು ಕೇಳಿಕೊಳ್ಳುವ ಕಷ್ಟ ಅವಳಿಗೆ ಬರಬಾರದು. ಇದೇ ಈ ಸಂಕಿರಣದ ಆಶಯ.