ಮುಟ್ಟಿನ ದಿನ ಅಲ್ಲ, ಆದ್ರೂ ರಕ್ತ: ಪಾಲಿಪ್ ಬಗ್ಗೆ ಉದಯಗಿರಿಯಿಂದ ಒಬ್ಬ ಡಾಕ್ಟರ್ ಮಾತು

ಇವತ್ತಿನ ಎಪಿಸೋಡನ್ನ ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ವಿಷಯ ಅಂಥದ್ದು. ನಾನು ಮೈಸೂರಿನ ಉದಯಗಿರಿಯಲ್ಲಿ ಹೆಂಗಸರ ಡಾಕ್ಟರ್. ನನ್ನ ಹತ್ತಿರ ಬರೋರಲ್ಲಿ ಮನೆಯಲ್ಲೇ ಅಗರಬತ್ತಿ ಹೊಸೆಯೋರು, ಬೀಡಿ ಕಟ್ಟೋರು, ಟೈಲರಿಂಗ್ ಮಾಡೋರು, ಕಾಲೇಜಿಗೆ ಹೋಗೋ ಹುಡುಗಿಯರು ಎಲ್ಲ ಇದ್ದಾರೆ. ಇವತ್ತು ಒಬ್ಬರ ಕಥೆ ಹೇಳ್ತೀನಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೀನಿ.

ಮೂವತ್ನಾಲ್ಕು ವರ್ಷ, ಎರಡು ಮಕ್ಕಳು, ಅಗರಬತ್ತಿ ಕೆಲಸ. ಬಂದಾಗ ಹೇಳಿದ್ದು ‘ಬಿಳಿ ಹೋಗ್ತಿದೆ ಡಾಕ್ಟ್ರಮ್ಮಾ’ ಅಂತ. ನಮ್ಮ ಕಡೆ ಹೇಳೋಕೆ ನಾಚಿಕೆ ಆಗೋ ಎಲ್ಲದಕ್ಕೂ ಅದೇ ಮೊದಲ ಮಾತು. ಜೊತೆಗೆ ಬಂದಿದ್ದ ಅತ್ತೆಯನ್ನ ಹೊರಗೆ ಕೂರಿಸಿದ ಮೇಲೆ ನಿಜವಾದ ವಿಷಯ ಬಂತು. ಗಂಡನ ಜೊತೆ ಸೇರಿದ ಮಾರನೇ ಬೆಳಿಗ್ಗೆ ಲಂಗದ ಮೇಲೆ ಕೆಂಪು ಕಲೆ. ಆರು ತಿಂಗಳಿಂದ ಹೀಗೇ. ಅದರ ಮೇಲೆ, ಮುಟ್ಟು ಮುಗಿದು ಹತ್ತು ಹನ್ನೆರಡು ದಿನಕ್ಕೆ ಸುಮ್ನೆ ಎರಡು ಹನಿ, ಮತ್ತೆ ನಿಲ್ಲೋದು, ಮತ್ತೆ ಎರಡು ಹನಿ.

ಅಲ್ಲಿವರೆಗೆ ಏನು ಮಾಡಿದ್ರು? ಮೊದಲು ಉಷ್ಣ ಅಂತ ಬಾರ್ಲಿ ನೀರು, ಮೆಂತ್ಯ. ಆಮೇಲೆ ಮೆಡಿಕಲ್ ಶಾಪಿನಲ್ಲಿ ರಕ್ತ ನಿಲ್ಲಿಸೋ ಮಾತ್ರೆ, ಎರಡು ಸಲ. ತಗೊಂಡಾಗ ನಿಲ್ಲುತ್ತೆ, ಬಿಟ್ಟ ಮೇಲೆ ಮತ್ತೆ ಶುರು. ಕೊನೆಗೆ ಗಂಡನ ಹತ್ತಿರ ಹೋಗೋದನ್ನೇ ನಿಲ್ಲಿಸಿದ್ರು, ಕಾರಣ ಹೇಳಲಿಲ್ಲ. ಕ್ಯಾನ್ಸರ್ ಇರಬಹುದು ಅನ್ನೋ ಭಯ ಒಳಗೇ ಇತ್ತು. ಮನೆಯಲ್ಲಿ ಮುನಿಸು ಬೇರೆ.

ಈ ಆರು ತಿಂಗಳಲ್ಲಿ ಯಾರೂ ಒಳಗೆ ನೋಡಿರಲಿಲ್ಲ. ಬಿ.ಪಿ. ನೋಡಿದ್ದಾರೆ, ಹೊಟ್ಟೆ ಒತ್ತಿದ್ದಾರೆ, ಅಷ್ಟೆ. ಸೇರಿದ ಮೇಲೆ ರಕ್ತ ಬರ್ತಿದೆ ಅಂದ್ರೆ ಎಲ್ಲಿಂದ ಬರ್ತಿದೆ ಅಂತ ಕಣ್ಣಿಂದ ನೋಡಬೇಕು. ಅದಕ್ಕೆ ಬೇಕಾಗಿರೋದು ಒಂದು ಲೈಟು ಮತ್ತು ಸ್ಪೆಕ್ಯುಲಮ್. ಅದು ಬಾತುಕೋಳಿ ಕೊಕ್ಕಿನ ಥರ ಎರಡು ಎಸಳು ಇರೋ ಒಂದು ಸಾಧನ. ಯೋನಿಯೊಳಗೆ ಇಟ್ಟು ಮೆಲ್ಲಗೆ ಬಿಡಿಸಿದ್ರೆ ಎದುರಿಗೆ ಗರ್ಭಕೋಶದ ಬಾಯಿ ಕಾಣುತ್ತೆ. ನೋವು ಅನ್ನೋದಕ್ಕಿಂತ ಒಂಥರಾ ಒತ್ತಡ, ಇರುಸುಮುರುಸು. ಉಸಿರು ಬಿಗಿ ಹಿಡಿದ್ರೆ ಅದು ಹೆಚ್ಚಾಗುತ್ತೆ.

ನಾನು ಮೊದಲು ಮೂತ್ರದಲ್ಲಿ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಸಿದೆ. ಆಪರೇಷನ್ ಆಗಿರೋರಿಗೂ ನಾನು ಇದನ್ನ ಮಾಡಿಸ್ತೀನಿ, ಯಾಕಂದ್ರೆ ಹನಿ ಹನಿ ರಕ್ತಕ್ಕೆ ಕೆಲವೊಮ್ಮೆ ಗರ್ಭವೇ ಕಾರಣ. ಟೆಸ್ಟ್ ನೆಗೆಟಿವ್ ಬಂತು. ಆಮೇಲೆ ಸ್ಪೆಕ್ಯುಲಮ್ ಹಾಕಿ ನೋಡಿದ್ರೆ, ಗರ್ಭಕೋಶದ ಬಾಯಿಂದ ದಾಳಿಂಬೆ ಬಣ್ಣದ, ನೆನೆಸಿದ ಕಡಲೆಕಾಳಿನಷ್ಟು ದಪ್ಪದ ಒಂದು ಮೆತ್ತನೆ ಗಂಟು ಸಣ್ಣ ತೊಟ್ಟಿನಿಂದ ನೇತಾಡ್ತಾ ಇತ್ತು. ಹತ್ತಿ ತಗುಲಿಸಿದೆ, ರಕ್ತ ಜಿನುಗಿತು. ಇದೇ ಪಾಲಿಪ್.

ಪಾಲಿಪ್ ಅಂದ್ರೆ ಗರ್ಭಕೋಶದ ಬಾಯಿಯ ಒಳಪದರವೇ ಒಂದು ಜಾಗದಲ್ಲಿ ಅತಿಯಾಗಿ ಬೆಳೆದು ಹೊರಗೆ ಜೋತು ಬೀಳೋದು. ಅದರ ತುಂಬ ತೆಳ್ಳಗಿನ ರಕ್ತನಾಳಗಳು, ಮೇಲಿನ ಚರ್ಮ ತುಂಬ ನಾಜೂಕು. ಸೇರಿದಾಗ ತಾಗುತ್ತೆ, ಸ್ವಲ್ಪ ಸೀಳುತ್ತೆ, ರಕ್ತ ಬರುತ್ತೆ. ಮಾತ್ರೆಯಿಂದ ಸ್ವಲ್ಪ ದಿನ ರಕ್ತ ಕಮ್ಮಿ ಆಗಬಹುದು, ಆದ್ರೆ ಗಂಟು ಅಲ್ಲೇ ಇರುತ್ತಲ್ಲ. ಯಾಕೆ ಬರುತ್ತೆ ಅಂದ್ರೆ, ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವ, ಹಳೇ ಉರಿಯೂತ ಅಂತ ಹೇಳ್ತಾರೆ. ಹೆರಿಗೆ ಆಗಿರೋರಲ್ಲಿ, ಮೂವತ್ತು ದಾಟಿದವರಲ್ಲಿ ಜಾಸ್ತಿ. ಇದು ಅಂಟುರೋಗ ಅಲ್ಲ, ಯಾರ ನಡತೆಗೂ ಸಂಬಂಧ ಇಲ್ಲ. ಇದನ್ನ ಅತ್ತೆಗೂ ಒಳಗೆ ಕರೆದು ಹೇಳಬೇಕಾಯ್ತು.

ತೆಗೆಯೋ ಮುಂಚೆ ಎರಡು ಕೆಲಸ ಇದೆ. ಒಂದು, ಗರ್ಭಕೋಶದ ಬಾಯಿಂದ ಪ್ಯಾಪ್ ಸ್ಮಿಯರ್ ತೆಗೆದೆ. ಸೇರಿದ ಮೇಲೆ ರಕ್ತ ಬರೋದು ಗರ್ಭಕೋಶದ ಬಾಯಿಯ ಕ್ಯಾನ್ಸರಿನ ಲಕ್ಷಣವೂ ಹೌದು. ಪಾಲಿಪ್ ಸಿಕ್ಕಿತು ಅಂತ ಆ ಕಡೆ ನೋಡದೇ ಇರೋ ಹಾಗಿಲ್ಲ. ಎರಡು, ತೊಟ್ಟು ಎಷ್ಟು ದಪ್ಪ, ಎಲ್ಲಿಂದ ಶುರುವಾಗಿದೆ ಅಂತ ನೋಡಿದೆ. ತೊಟ್ಟು ತೆಳ್ಳಗಿದ್ದು, ಬುಡ ಕಣ್ಣಿಗೆ ಕಂಡ್ರೆ ಕ್ಲಿನಿಕ್ಕಿನಲ್ಲೇ ತೆಗೀಬಹುದು. ಬುಡ ಅಗಲ ಇದ್ರೆ, ಅಥವಾ ಮೇಲೆ ಗರ್ಭಕೋಶದೊಳಗೆ ಹೋಗಿ ಕಾಣದೇ ಇದ್ರೆ ಅಲ್ಲಿ ಎಳೆಯೋಕೆ ಹೋಗಬಾರದು. ಕೆಲವೊಮ್ಮೆ ಅದು ಪಾಲಿಪ್ ಆಗಿರಲ್ಲ, ಒಳಗಿನಿಂದ ಇಳಿದು ಬಂದ ಫೈಬ್ರಾಯ್ಡ್ ಗಡ್ಡೆ ಆಗಿರುತ್ತೆ. ಅದನ್ನ ಕ್ಲಿನಿಕ್ಕಿನಲ್ಲಿ ಕಿತ್ತರೆ ರಕ್ತ ನಿಲ್ಲಿಸೋದು ಕಷ್ಟ.

ಇವರದ್ದು ತೆಳ್ಳಗಿನ ತೊಟ್ಟು. ಆ್ಯಂಟಿಸೆಪ್ಟಿಕ್ಕಿನಿಂದ ಒರೆಸಿ, ಉದ್ದ ಫೋರ್ಸೆಪ್ಸ್‌ನಲ್ಲಿ ಪಾಲಿಪ್ಪನ್ನ ಬುಡದ ಹತ್ತಿರ ಹಿಡಿದು, ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸಿದೆ. ಎಳೆಯೋದಲ್ಲ, ತಿರುಚೋದು. ತಿರುಚಿದಾಗ ತೊಟ್ಟಿನೊಳಗಿನ ರಕ್ತನಾಳವೂ ತಿರುಚಿಕೊಂಡು ಮುಚ್ಚಿಕೊಳ್ಳುತ್ತೆ, ಅದಕ್ಕೇ ರಕ್ತ ಕಮ್ಮಿ. ಐದಾರು ಸುತ್ತಿಗೆ ಕೈಗೆ ಬಂತು. ಬುಡಕ್ಕೆ ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸಿ, ಗಾಜ್ ಒತ್ತಿ ಹಿಡಿದೆ. ಇಂಜೆಕ್ಷನ್ ಇಲ್ಲ, ಹೊಲಿಗೆ ಇಲ್ಲ. ಕೆಳಹೊಟ್ಟೆಯಲ್ಲಿ ಮುಟ್ಟಿನ ನೋವಿನ ಥರ ಒಂದು ಸೆಳೆತ ಬಂತು ಅಂದ್ರು. ‘ಅಷ್ಟೇನಾ?’ ಅಂತ ಕೇಳಿದ್ರು. ಆರು ತಿಂಗಳ ಭಯ ಅದು, ಐದು ನಿಮಿಷವೂ ಹಿಡೀಲಿಲ್ಲ.

ತೆಗೆದ ತುಂಡನ್ನ ಬಿಸಾಡಬಾರದು. ಫಾರ್ಮಲಿನ್ ಬಾಟಲಿಗೆ ಹಾಕಿ ಬಯಾಪ್ಸಿಗೆ ಕಳಿಸಬೇಕು. ಗರ್ಭಕೋಶದ ಬಾಯಿಯ ಪಾಲಿಪ್‌ನಲ್ಲಿ ಕ್ಯಾನ್ಸರ್ ಸಿಗೋದು ನೂರರಲ್ಲಿ ಒಬ್ಬರಿಗಿಂತ ಕಮ್ಮಿ. ಆದ್ರೆ ಆ ಒಬ್ಬರು ಯಾರು ಅಂತ ಕಣ್ಣಿಗೆ ಗೊತ್ತಾಗಲ್ಲ. ‘ತೆಗೆದಾಯ್ತು, ಟೆಸ್ಟಿಗೆ ದುಡ್ಡು ಯಾಕೆ’ ಅಂತ ನೀವೂ ಹೇಳಬೇಡಿ, ಡಾಕ್ಟರ್ ಹೇಳಿದ್ರೆ ಒಪ್ಪಬೇಡಿ. ಇವರ ಪ್ಯಾಪ್, ಬಯಾಪ್ಸಿ ಎರಡರಲ್ಲೂ ತೊಂದರೆ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಮತ್ತೆ ಬಂದ್ರು. ಸೇರಿದಾಗ ಬರ್ತಿದ್ದ ರಕ್ತ ಪೂರ್ತಿ ನಿಂತಿತ್ತು. ಆದ್ರೆ ತಿಂಗಳ ಮಧ್ಯದ ಹನಿ ನಿಂತಿರಲಿಲ್ಲ. ಬಾಯಿಯಲ್ಲಿದ್ದ ಪಾಲಿಪ್, ತಾಗಿದಾಗ ಬರೋ ರಕ್ತಕ್ಕೆ ಉತ್ತರ. ಯಾರೂ ತಾಗದೇ ಇದ್ದಾಗ ಬರೋ ರಕ್ತಕ್ಕೆ ಅದೊಂದೇ ಉತ್ತರ ಅಂತ ಹೇಳೋಕಾಗಲ್ಲ. ಬಾಯಿಯಲ್ಲಿ ಪಾಲಿಪ್ ಇರೋ ಕೆಲವರಿಗೆ ಗರ್ಭಕೋಶದ ಒಳಗೂ ಒಂದು ಇರುತ್ತೆ.

ಅಷ್ಟರಲ್ಲಿ ಇವರು ಬೇರೆ ಕಡೆ ಒಂದು ಸ್ಕ್ಯಾನ್ ಮಾಡಿಸಿಕೊಂಡಿದ್ರು. ‘ಒಳಪದರ ದಪ್ಪ, 14 ಮಿಲಿಮೀಟರ್’ ಅಂತ ರಿಪೋರ್ಟ್. ಅದನ್ನ ನೋಡಿದ ಒಬ್ಬರು ‘ಎರಡು ಮಕ್ಕಳಾಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಅಂದಿದ್ರಂತೆ. ಸ್ಕ್ಯಾನ್ ಆಗಿದ್ದು ಮುಟ್ಟಾದ 24ನೇ ದಿನ. ಆ ಹೊತ್ತಿಗೆ ಯಾರದ್ದೇ ಆಗಲಿ, ಒಳಪದರ ದಪ್ಪಗೇ ಇರುತ್ತೆ, ಮುಂದಿನ ಮುಟ್ಟಿಗೆ ತಯಾರಾಗಿರುತ್ತೆ. ಆ ದಪ್ಪದಲ್ಲಿ ಪಾಲಿಪ್ ಅಡಗಿಕೊಂಡೂ ಬಿಡುತ್ತೆ. ಪಾಲಿಪ್ ಹುಡುಕೋ ಸ್ಕ್ಯಾನನ್ನ ಮುಟ್ಟು ನಿಂತ ಕೂಡಲೇ, ಸುಮಾರು 5ರಿಂದ 10ನೇ ದಿನದೊಳಗೆ ಮಾಡಿಸಬೇಕು, ಅದೂ ಸಾಧ್ಯವಾದ್ರೆ ಯೋನಿ ಮೂಲಕ. ನಾನು 7ನೇ ದಿನಕ್ಕೆ ಮತ್ತೆ ಮಾಡಿಸಿದೆ. ಈಗ ಪದರ ತೆಳ್ಳಗಿತ್ತು, ಅದರ ಮಧ್ಯೆ 12 ಮಿಲಿಮೀಟರಿನ ಬೆಳ್ಳಗಿನ ಒಂದು ಉಂಡೆ, ಅದಕ್ಕೆ ಒಂದೇ ಒಂದು ರಕ್ತನಾಳ ಹೋಗ್ತಿರೋದು ಕಲರ್ ಡಾಪ್ಲರ್‌ನಲ್ಲಿ ಕಾಣ್ತು.

ಒಂದು ಸೆಂಟಿಮೀಟರಿನಷ್ಟು ಗಂಟಿಗೆ ಗರ್ಭಕೋಶವನ್ನೇ ತೆಗೆಯೋದು ನಂಗೆ ಒಪ್ಪಿಗೆ ಇಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬೇಕಿಲ್ಲದೆ ಗರ್ಭಕೋಶ ತೆಗೆದ ಪ್ರಕರಣಗಳು 2015ರಲ್ಲಿ ದೊಡ್ಡ ಸುದ್ದಿಯಾಗಿದ್ದು ನಿಮ್ಮ ಅಮ್ಮಂದಿರಿಗೆ ನೆನಪಿರಬಹುದು. ಅಲ್ಲೂ ಬಿಳಿ ಹೋಗೋದು, ಹೊಟ್ಟೆನೋವು ಅಂತ ಬಂದ ಬಡ ಹೆಂಗಸರೇ ಹೆಚ್ಚು.

ಹಳೇ ಕಾಲದ ಇನ್ನೊಂದು ದಾರಿ ಡಿ ಆ್ಯಂಡ್ ಸಿ, ಅಂದ್ರೆ ಒಳಗೆ ಕಾಣದೆ ಕೆರೆಯೋದು. ಪಾಲಿಪ್ ಮೆತ್ತಗೆ, ಅಲ್ಲಾಡ್ತಾ ಇರುತ್ತೆ. ಕೆರೆಯೋ ಸಾಧನ ಅದರ ಪಕ್ಕದಲ್ಲಿ ಜಾರಿ ಹೋಗಬಹುದು. ಆದ್ದರಿಂದ ಒಳಗೆ ನೋಡ್ಕೊಂಡೇ ತೆಗೆಯೋ ಹಿಸ್ಟರೋಸ್ಕೋಪಿ ಒಳ್ಳೇದು. ಪೆನ್ಸಿಲ್ಲಿಗಿಂತ ಸಣ್ಣ ಕ್ಯಾಮೆರಾ ಕೊಳವೆಯನ್ನ ಗರ್ಭಕೋಶದ ಬಾಯಿಂದಲೇ ಒಳಗೆ ಬಿಡ್ತಾರೆ, ಹೊಟ್ಟೆ ಮೇಲೆ ಗಾಯ ಇಲ್ಲ. ಗೋಡೆಗಳು ಅಂಟಿಕೊಂಡಿರ್ತವೆ, ಅದಕ್ಕೆ ಸಲೈನ್ ಬಿಟ್ಟು ಬಿಡಿಸ್ತಾರೆ. ಆಗ ಟಿ.ವಿ. ಪರದೆ ಮೇಲೆ ಪಾಲಿಪ್ ನೀರೊಳಗಿನ ಪಾಚಿಯ ಹಾಗೆ ತೂಗಾಡೋದು ಕಾಣುತ್ತೆ. ಸಣ್ಣ ಕತ್ತರಿಯಿಂದ ಅಥವಾ ಕರೆಂಟ್ ತಂತಿಯ ಕುಣಿಕೆಯಿಂದ ಬುಡಕ್ಕೆ ಕತ್ತರಿಸಿ ಹೊರಗೆ ತರ್ತಾರೆ. ಇದಕ್ಕೆ ಅನಸ್ತೇಷಿಯಾ ಕೊಡೋದೇ ಹೆಚ್ಚು, ಹಿಂದಿನ ರಾತ್ರಿಯಿಂದ ಊಟ ಇಲ್ಲ, ಸಾಮಾನ್ಯವಾಗಿ ಅದೇ ದಿನ ಸಂಜೆ ಮನೆಗೆ. ಅಪಾಯ ಅಂದ್ರೆ ಗರ್ಭಕೋಶದ ಗೋಡೆ ತೂತಾಗೋದು, ಸೋಂಕು. ಎರಡೂ ಅಪರೂಪ, ಆದ್ರೆ ಸಹಿ ಹಾಕೋ ಮುಂಚೆ ಕೇಳಿ ತಿಳ್ಕೊಳ್ಳಿ. ಮೈಸೂರಿನಲ್ಲಿ ಸರ್ಕಾರಿ ದಾರಿ ಬೇಕಂದ್ರೆ ಮೆಡಿಕಲ್ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆಯ ಓಪಿಡಿಯಲ್ಲಿ ತೋರಿಸಿ, ಹಿಸ್ಟರೋಸ್ಕೋಪಿ ಯಾವ ದಿನ ಅಂತ ವಿಚಾರಿಸಿ. ಹಳೇ ಸ್ಕ್ಯಾನ್, ಬಯಾಪ್ಸಿ ರಿಪೋರ್ಟು ಜೊತೆಗಿರಲಿ.

ಇವರಿಗೂ ಹಾಗೇ ತೆಗೆದಾಯ್ತು. ಒಂದು ವಾರ ಕಂದು ಬಣ್ಣದ ಕಲೆ ಇತ್ತು, ಅದು ಇರೋದೇ. ಎರಡು ವಾರ ಸೇರೋದು ಬೇಡ ಅಂತ ಹೇಳಿ ಕಳಿಸಿದ್ವಿ. ಒಂದು ಗಂಟೆಗೆ ಒಂದು ಪ್ಯಾಡ್ ತೋಯುವಷ್ಟು ರಕ್ತ, ಜ್ವರ, ವಾಸನೆ, ಹೆಚ್ಚುತ್ತಾ ಹೋಗೋ ಹೊಟ್ಟೆನೋವು ಇದ್ರೆ ಮಾತ್ರ ರಾತ್ರಿ ಆದ್ರೂ ವಾಪಸ್ ಬರಬೇಕು. ಈ ಬಯಾಪ್ಸಿಯೂ ಸರಿಯಾಗಿ ಬಂತು. ಅಂದ ಹಾಗೆ, ಗರ್ಭಕೋಶದೊಳಗಿನ ಪಾಲಿಪ್‌ನಲ್ಲಿ ವಯಸ್ಸು ಮುಖ್ಯ. ಮುಟ್ಟು ನಿಂತು ವರ್ಷಗಳಾದ ಅಮ್ಮನಿಗೋ ಅಜ್ಜಿಗೋ ರಕ್ತ ಕಂಡ್ರೆ, ಒಂದು ಹನಿ ಆದ್ರೂ ಆ ವಾರವೇ ತೋರಿಸಿ. ಅವರಲ್ಲಿ ಕ್ಯಾನ್ಸರ್ ಸಾಧ್ಯತೆ ನಿಮಗಿಂತ ಹೆಚ್ಚು.

ಅವರು ಹೋಗೋ ಮುಂಚೆ ಮೆಲ್ಲಗೆ ಕೇಳಿದ್ರು: ‘ಇಷ್ಟು ದಿನ ಹನಿ ಬಂದಾಗೆಲ್ಲ ಮುಟ್ಟು ಅಂದ್ಕೊಂಡು ನಮಾಜ್ ಬಿಟ್ಟಿದ್ದೀನಲ್ಲಾ, ಡಾಕ್ಟ್ರಮ್ಮಾ?’ ಧರ್ಮದ ಉತ್ತರ ನಾನು ಕೊಡೋದಲ್ಲ, ತಿಳಿದವರನ್ನ ಕೇಳಿ ಅಂದೆ. ಆದ್ರೆ ಕೇಳುವಾಗ ಹೇಳೋಕೆ ಆಗಲಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ, ಇದು ಮುಟ್ಟಿನ ರಕ್ತ ಅಲ್ಲ, ಗಂಟಿನ ರಕ್ತ ಅಂತ.

ಮುಂದಿನ ತಿಂಗಳು ತಮ್ಮ ನಾದಿನಿಯನ್ನ ಕರ್ಕೊಂಡು ಬಂದ್ರು. ‘ಇವಳಿಗೂ ಅದೇ ಗಂಟು ಇರಬೇಕು, ಹನಿ ಹನಿ ಹೋಗ್ತಿದೆ.’ ಒಳಗೆ ನೋಡಿದೆ, ಗಂಟೇನೂ ಇಲ್ಲ, ಸ್ಕ್ಯಾನೂ ಸರಿ ಇತ್ತು. ವಿಚಾರಿಸಿದ್ರೆ ಮಕ್ಕಳ ಅಂತರಕ್ಕೆ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡೋ ಅಂತರಾ ಇಂಜೆಕ್ಷನ್ ಎರಡು ತಿಂಗಳ ಹಿಂದೆ ತಗೊಂಡಿದ್ಲು. ಅದರಲ್ಲಿ ಶುರುವಿನ ತಿಂಗಳುಗಳಲ್ಲಿ ಹೀಗೆ ಹನಿ ಹೋಗೋದು ಸಾಮಾನ್ಯ. ಅತ್ತಿಗೆಗೆ ಸ್ವಲ್ಪ ನಿರಾಸೆಯೇ ಆಯ್ತು ಅನ್ಸುತ್ತೆ, ರೋಗ ತಾನೇ ಕಂಡುಹಿಡಿದೆ ಅಂತ ಬಂದಿದ್ರು ಪಾಪ.