ರೊಕ್ಕ ಬಿಡುಗಡೆ ಆತು, ಖಾತೆಗೆ ಯಾಕ ಬರಲಿಲ್ಲ?

(ಸಂಘದ ರಜತ ಮಹೋತ್ಸವದ ಅಂಗವಾಗಿ ಜರುಗಿದ ಸದಸ್ಯರ ಸಭೆಯಲ್ಲಿ ಸಂಘದ ಸಿಬ್ಬಂದಿಯವರ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷದ ಈ ಸಂತೋಷದ ದಿನ ಸಂಘದ ಷೇರು, ಠೇವು, ಸಾಲದ ಲೆಕ್ಕವನ್ನು ಅಧ್ಯಕ್ಷರು ತಮ್ಮ ಮುಂದೆ ಇಟ್ಟಿದ್ದಾರೆ. ನಮಗೆ ವಹಿಸಿದ ವಿಷಯ ಬೇರೆ. ಸಂಘದ ಕಟ್ಟೆಗೆ ಬಂದವರು ಗೊಬ್ಬರ ಬಂತೇನು ಎಂದು ಕೇಳುವುದಕ್ಕಿಂತ ಹೆಚ್ಚಾಗಿ ಈಗ ಕೇಳುವ ಮಾತು ಒಂದೇ: "ಎಲ್ಲಾರಿಗೂ ಬಂದೈತ್ರಿ, ನನಗ ಯಾಕ ಬಂದಿಲ್ಲ?" ಈ ಪ್ರಶ್ನೆಗೆ ನಾವು ಬಹಳ ದಿವಸ ತಪ್ಪು ಉತ್ತರ ಕೊಟ್ಟೆವು. ಅದನ್ನು ಒಪ್ಪಿಕೊಂಡೇ ಮಾತು ಆರಂಭಿಸುತ್ತೇವೆ.

2023ರ ಫೆಬ್ರುವರಿ 27ರಂದು ಪ್ರಧಾನ ಮಂತ್ರಿಗಳು ನಮ್ಮ ಬೆಳಗಾವಿಗೇ ಬಂದು ಕಿಸಾನ್ ಸಮ್ಮಾನ್ ಯೋಜನೆಯ 13ನೇ ಕಂತನ್ನು ಬಿಡುಗಡೆ ಮಾಡಿದ್ದು ತಮಗೆಲ್ಲ ನೆನಪಿರಬಹುದು. ದೇಶದ 8 ಕೋಟಿಗೂ ಹೆಚ್ಚು ರೈತರಿಗೆ ಸುಮಾರು 16 ಸಾವಿರ ಕೋಟಿ ರೂಪಾಯಿ ಹೋಯಿತು. ನಮ್ಮ ಜಿಲ್ಲೆಯ ನೆಲದಿಂದಲೇ ಹೊರಟ ರೊಕ್ಕ ನಮ್ಮ ಸಂಘದ ಕೆಲವು ಸದಸ್ಯರಿಗೆ ಮುಟ್ಟಲಿಲ್ಲ. ಅವರಲ್ಲಿ ನಿಪ್ಪಾಣಿ ಕಡೆಯ ಒಬ್ಬ ಸದಸ್ಯರ ಪ್ರಕರಣವನ್ನು ಅವರ ಒಪ್ಪಿಗೆಯಿಂದ ಇಲ್ಲಿ ಹೇಳುತ್ತೇವೆ. ಹೆಸರು ಬೇಡ, ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ.

ಕಾಕಾ ಅವರಿಗೆ ಎರಡು ಎಕರೆ ಜಮೀನು. 2022ರ ಅಕ್ಟೋಬರ್‌ನಲ್ಲಿ ಬಂದ 12ನೇ ಕಂತಿನ ವರೆಗೆ ಎರಡೆರಡು ಸಾವಿರ ತಪ್ಪದೆ ಜಮಾ ಆಗಿತ್ತು. 13ನೇದು ಬರಲಿಲ್ಲ. ಸಂಘಕ್ಕೆ ಬಂದರು. "ಇ-ಕೆವೈಸಿ ಆಗಿರಾಕಿಲ್ಲ, ಮಾಡಿಸ್ಕೊಂಡ ಬರ್ರಿ" ಎಂದೆವು. ಹೆಬ್ಬೆಟ್ಟು ಒತ್ತಿ ಬಂದರು. ಜುಲೈ 27ಕ್ಕೆ 14ನೇ ಕಂತು ಬಿಡುಗಡೆ ಆಯಿತು, ಅದೂ ಬರಲಿಲ್ಲ. ಮತ್ತೊಮ್ಮೆ ಇ-ಕೆವೈಸಿಗೇ ಕಳಿಸಿದೆವು. ಅಲ್ಲಿಂದ ಬ್ಯಾಂಕಿಗೆ ಹೋದರೆ ಅಲ್ಲಿಯವರು ಗಣಕಯಂತ್ರ ನೋಡಿ, "ನಿಮ್ಮ ಖಾತೆಗೆ ಆಧಾರ್ ಲಿಂಕ್ ಐತ್ರಿ, ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ" ಅಂದರು. ನವೆಂಬರ್ 15ರ 15ನೇ ಕಂತೂ ತಪ್ಪಿತು. ಮೂರು ಕಂತು, ಆರು ಸಾವಿರ ರೂಪಾಯಿ. ನಾಲ್ಕೈದು ಸಾರಿ ಕೂಲಿ ಬಿಟ್ಟು ಓಡಾಡಿದ್ದು ಬೇರೆ. ಕಡೆಗೆ ಕಾಕಾ, "ಬಿಡ್ರಿ ಅಪ್ಪಾ, ಹೆಸರು ಕಡದಾರ, ನನ್ನ ನಸೀಬಿನ್ಯಾಗ ಇಲ್ಲ" ಎಂದು ಕೈಬಿಟ್ಟಿದ್ದರು.

ಹೆಸರು ಕಡಿದಿರಲಿಲ್ಲ. ನಾವೂ ಬ್ಯಾಂಕಿನವರೂ ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆವು.

ಮೊದಲಿನ ಕಂತುಗಳು ಕಾಕಾ ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಬರುತ್ತಿದ್ದವು. 13ನೇ ಕಂತಿನಿಂದ ಹಣ ಕಳಿಸುವ ದಾರಿ ಬದಲಾಯಿತು. ಈಗ ಸರಕಾರ ಖಾತೆ ಸಂಖ್ಯೆ ನೋಡುವುದಿಲ್ಲ, 12 ಅಂಕಿಯ ಆಧಾರ್ ಸಂಖ್ಯೆಯ ಮೇಲೆ ಹಣ ಕಳಿಸುತ್ತದೆ. ಈ ಸಂಖ್ಯೆಯವರ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂದು ಗೊತ್ತಾಗುವುದು ಹೇಗೆ? ಅದಕ್ಕೆ ಎನ್‌ಪಿಸಿಐ ಎಂದು ಕರೆಯುವ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದಲ್ಲಿ ಒಂದು ದೊಡ್ಡ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಪ್ರತಿ ಆಧಾರ್ ಸಂಖ್ಯೆಯ ಮುಂದೆ ಒಂದು ಬ್ಯಾಂಕಿನ ಗುರುತು ಮಾತ್ರ ಇರುತ್ತದೆ. ಹಣ ಆ ಬ್ಯಾಂಕಿಗೆ ಹೋಗುತ್ತದೆ, ಆ ಬ್ಯಾಂಕು ತನ್ನಲ್ಲಿರುವ ನಿಮ್ಮ ಖಾತೆಗೆ ಜಮಾ ಮಾಡುತ್ತದೆ. ನಿಮಗೆ ನಾಲ್ಕು ಬ್ಯಾಂಕಿನಲ್ಲಿ ಖಾತೆ ಇರಬಹುದು, ನಾಲ್ಕೂ ಕಡೆ ಆಧಾರ್ ಝೆರಾಕ್ಸ್ ಕೊಟ್ಟಿರಬಹುದು, ಆದರೆ ಪಟ್ಟಿಯಲ್ಲಿ ಒಂದೇ ಬ್ಯಾಂಕು.

ಇಲ್ಲೇ ಗೊಂದಲ. "ಲಿಂಕ್" ಎಂಬ ಒಂದೇ ಶಬ್ದದಲ್ಲಿ ಎರಡು ಕೆಲಸ ಅಡಗಿವೆ. ಗುರುತಿಗಾಗಿ ಆಧಾರ್ ಸಂಖ್ಯೆಯನ್ನು ಬ್ಯಾಂಕು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವುದು ಒಂದು. ಸರಕಾರದ ಸಹಾಯಧನ ಈ ಬ್ಯಾಂಕಿಗೇ ಬರಲಿ ಎಂದು ನಿಮ್ಮ ಒಪ್ಪಿಗೆ ಪಡೆದು, ಆ ಪಟ್ಟಿಯಲ್ಲಿ ಬ್ಯಾಂಕಿನ ಗುರುತು ಸೇರಿಸುವುದು ಇನ್ನೊಂದು. ಇದಕ್ಕೆ "ಸೀಡಿಂಗ್" ಎನ್ನುತ್ತಾರೆ. ಬ್ಯಾಂಕಿನವರು ಕಾಕಾಗೆ ಹೇಳಿದ್ದು ಸುಳ್ಳಲ್ಲ, ಮೊದಲನೆಯದು ಆಗಿತ್ತು. ಆಗದೆ ಉಳಿದದ್ದು ಎರಡನೆಯದು.

ಹಾಗಾದರೆ ಪಟ್ಟಿಯಲ್ಲಿ ಕಾಕಾ ಅವರ ಹೆಸರಿಗೆ ಏನಿತ್ತು? ಡಿಸೆಂಬರ್‌ನಲ್ಲಿ ಅವರ ಮಗ ರಜೆಗೆ ಬಂದಾಗ ಎಲ್ಲರೂ ಕೂಡಿ ನೋಡಿದೆವು. ಮೊದಲು pmkisan.gov.in ನಲ್ಲಿ `Know Your Status` ಒತ್ತಿ ನೋಂದಣಿ ಸಂಖ್ಯೆ ಹಾಕಿದೆವು. ಅಲ್ಲಿ ಮೂರು ಸಾಲು ಮುಖ್ಯ: `Land Seeding`, `e-KYC Status`, `Aadhaar Bank Account Seeding Status`. ಮೊದಲ ಎರಡರ ಮುಂದೆ `Yes`, ಮೂರನೆಯದರ ಮುಂದೆ `No`. ನಾವು ಎರಡು ಸಾರಿ ಮಾಡಿಸಿದ ಕೆಲಸ ಮೊದಲೇ ಸರಿಯಾಗಿತ್ತು!

ಬಳಿಕ myaadhaar.uidai.gov.in ನಲ್ಲಿ ಆಧಾರ್ ಸಂಖ್ಯೆ ಹಾಕಿ, ಅವರ ಮೊಬೈಲಿಗೆ ಬಂದ ಓಟಿಪಿಯಿಂದ ಒಳಗೆ ಹೋಗಿ `Bank Seeding Status` ನೋಡಿದೆವು. ಊರಿನ ಬ್ಯಾಂಕಿನ ಹೆಸರೇ ಇಲ್ಲ. ಮತ್ಯಾವುದೋ ಬ್ಯಾಂಕಿನ ಹೆಸರು, ಅದರ ಮುಂದೆ `Inactive`. ಕಾಕಾ ಸ್ವಲ್ಪ ಹೊತ್ತು ವಿಚಾರ ಮಾಡಿ, "ಹೌದ್ರಿ, ಇಚಲಕರಂಜಿ ಖಾತೆ!" ಎಂದರು.

ಕೆಲವು ವರ್ಷ ಅವರು ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಇದ್ದರು. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಪಗಾರ ಕೈಗೆ ಕೊಡುವುದು ಕಷ್ಟವಾಗಿ, ಮಾಲಕರು ಎಲ್ಲರಿಗೂ ಖಾತೆ ತೆರೆಸಿದರು. ಆಗ ಸಹಿ ಮಾಡಿದ ಕಾಗದಗಳಲ್ಲಿ ಸೀಡಿಂಗ್ ಒಪ್ಪಿಗೆಯೂ ಇತ್ತು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವರು ತಿರುಗಿ ಹೋಗಲಿಲ್ಲ, ಆ ಖಾತೆ ಬಂದ್ ಆಯಿತು. ಮನೆ ಬದಲಿಸಿದವರ ಟಪಾಲು ಹಳೆಯ ವಿಳಾಸಕ್ಕೆ ಹೋದಂತೆ ಅವರ ಹಣದ ವಿಳಾಸ ಗಡಿಯಾಚೆಯ ಬಂದ್ ಖಾತೆಯಲ್ಲಿ ಉಳಿದಿತ್ತು. ಅಥಣಿ, ಕಾಗವಾಡದವರು ಮಿರಜ, ಸಾಂಗಲಿಯಲ್ಲಿ ಖಾತೆ ಮಾಡಿರುತ್ತಾರೆ. ಚಿಕ್ಕೋಡಿ, ರಾಯಬಾಗಕ್ಕೆ ಲಗ್ನವಾಗಿ ಬಂದ ಹೆಣ್ಣುಮಕ್ಕಳು ಎಷ್ಟೋ ಮಂದಿಯ ಮೊದಲ ಖಾತೆ ತವರೂರಿನಲ್ಲಿ. ಆದ್ದರಿಂದ ಇದು ಕಾಕಾ ಒಬ್ಬರ ಕಥೆ ಅಲ್ಲ.

ಪರಿಹಾರ ದೊಡ್ಡದಲ್ಲ, ಆದರೆ ಕೇಳುವ ರೀತಿ ಸರಿಯಾಗಿರಬೇಕು. ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಮಾಡ್ರಿ" ಎಂದರೆ "ಆಗೇತಿ" ಎಂಬ ಉತ್ತರವೇ ಬರುತ್ತದೆ. "ಡಿಬಿಟಿ ಸಲುವಾಗಿ ಎನ್‌ಪಿಸಿಐ ಸೀಡಿಂಗ್ ಮಾಡಬೇಕ್ರಿ, ಅದರ ಫಾರ್ಮ್ ಕೊಡ್ರಿ" ಎನ್ನಬೇಕು. ಆ ಫಾರ್ಮ್‌ನಲ್ಲಿ, ಮೊದಲು ಬೇರೆ ಬ್ಯಾಂಕಿಗೆ ಜೋಡಣೆ ಆಗಿದ್ದರೆ ಆ ಬ್ಯಾಂಕಿನ ಹೆಸರು ಬರೆಯುವ ಜಾಗ ಇರುತ್ತದೆ. ಅದನ್ನು ಖಾಲಿ ಬಿಟ್ಟರೆ ಕೆಲಸ ನಿಂತೀತು, ಆದ್ದರಿಂದ ಮೊದಲೇ ನೋಡಿಕೊಂಡು ಹೋಗುವುದು ಒಳ್ಳೆಯದು. ಫಾರ್ಮ್ ಕೊಟ್ಟದ್ದಕ್ಕೆ ಪೋಚು ಇಸಿದುಕೊಳ್ಳಬೇಕು. ಕಾಕಾ 2024ರ ಜನವರಿಯಲ್ಲಿ ಹಾಗೆ ಮಾಡಿದರು. ವಾರ ಬಿಟ್ಟು ನೋಡಿದಾಗ ಊರಿನ ಬ್ಯಾಂಕಿನ ಹೆಸರು, ಮುಂದೆ `Active`. ಫೆಬ್ರುವರಿ 28ರ 16ನೇ ಕಂತು ಜಮಾ ಆಯಿತು. ಹಿಂದೆ ತಪ್ಪಿದ ಕಂತುಗಳು ಅಡಚಣೆ ನಿವಾರಣೆ ಆದ ಬಳಿಕ ಸಿಗಬೇಕೆಂದು ಈ ಯೋಜನೆಯ ನಿಯಮವೇ ಇದೆ. ಅವೂ ತಡವಾಗಿ ಬಂದವು. ಎಲ್ಲ ಯೋಜನೆಗಳಲ್ಲೂ ಹೀಗೆಯೇ ಎಂದು ತಿಳಿಯಬಾರದು, ಹಿಂಬಾಕಿ ಬಗ್ಗೆ ಆಯಾ ಇಲಾಖೆಯಲ್ಲೇ ಅರ್ಜಿ ಕೊಡಬೇಕು.

ಮೂರನೇ ಸಾಲು `Yes` ಇದ್ದೂ ಹಣ ಕಾಣದಿದ್ದರೆ? ಆಗ ಪಟ್ಟಿಯಲ್ಲಿ ಯಾವ ಬ್ಯಾಂಕು ಇದೆಯೆಂದು ನೋಡಿ, ಅಲ್ಲಿಯ ಪಾಸ್‌ಬುಕ್ ಎಂಟ್ರಿ ಹಾಕಿಸಬೇಕು. ಹಣ ಮರೆತ ಖಾತೆಯಲ್ಲಿ ಕುಳಿತಿರಬಹುದು. 2017ರಲ್ಲಿ ದೇಶದ ಅನೇಕ ಕಡೆ ಸಿಮ್‌ಗೆ ಆಧಾರ್ ಕೊಟ್ಟವರಿಗೆ ತಿಳಿಯದಂತೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದು, ಅವರ ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಆಧಾರ್ ಪ್ರಾಧಿಕಾರ ಕ್ರಮ ಕೈಗೊಂಡಿತು. ಕಡೆಯ ಸಾರಿ ಯಾರು ಜೋಡಿಸಿದರೋ ಆ ಬ್ಯಾಂಕಿಗೇ ಹಣ ಎಂಬುದಕ್ಕೆ ಇದು ಸಾಕ್ಷಿ. ಹೊಸ ಖಾತೆ ತೆರೆಯುವಾಗ ಡಿಬಿಟಿ ಒಪ್ಪಿಗೆಯ ಜಾಗದಲ್ಲಿ ಗುರುತು ಹಾಕುವ ಮುಂಚೆ ವಿಚಾರ ಮಾಡಿರಿ. ಹಾಕಿದರೆ ಕಿಸಾನ್ ಹಣ ಒಂದೇ ಅಲ್ಲ, ಆ ಆಧಾರ್ ಮೇಲೆ ಬರುವ ಎಲ್ಲ ಸಹಾಯಧನದ ದಾರಿಯೂ ತಿರುಗುತ್ತದೆ.

ಇನ್ನು ಹೇಳಲು ನಮಗೇ ಸಂಕೋಚವಾಗುವ ಒಂದು ಮಾತು. ನಮ್ಮ ಸಂಘದ ಉಳಿತಾಯ ಖಾತೆಗೆ ಸರಕಾರದ ಈ ಹಣ ಬರುವುದಿಲ್ಲ. ಪತ್ತಿನ ಸಂಘಗಳಾಗಲಿ ಸೌಹಾರ್ದ ಸಹಕಾರಿಗಳಾಗಲಿ ರಿಜರ್ವ್ ಬ್ಯಾಂಕಿನ ಪರವಾನಿಗೆ ಪಡೆದ ಬ್ಯಾಂಕುಗಳಲ್ಲ, ಆದ್ದರಿಂದ ಆ ಪಟ್ಟಿಯಲ್ಲಿ ನಮಗೆ ಜಾಗ ಇಲ್ಲ. ಪಾಸ್‌ಬುಕ್ ಬ್ಯಾಂಕಿನದರ ಹಾಗೆಯೇ ಕಾಣುವುದರಿಂದ ನಮ್ಮ ಒಬ್ಬ ಅಕ್ಕಾರು ಒಂದು ಅರ್ಜಿಗೆ ಸಂಘದ ಪಾಸ್‌ಬುಕ್ ಝೆರಾಕ್ಸ್ ಹಚ್ಚಿ, ತಿಂಗಳುಗಟ್ಟಲೆ ನಮ್ಮ ಕೌಂಟರಿಗೇ ಬಂದು ಕೇಳಿದರು. "ನೋಡ್ತೀವ್ರಿ" ಎಂದು ಕಳಿಸುವ ಬದಲು ಮೊದಲನೇ ದಿನವೇ ಹೇಳಬೇಕಿತ್ತು. ಬ್ಯಾಂಕು ದೂರ ಆಗುವವರಿಗೆ ಟಪಾಲು ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಇದೆ. ಪೋಸ್ಟ್‌ಮನ್ ಹೆಬ್ಬೆಟ್ಟು ಪಡೆದು ತೆರೆದುಕೊಡುತ್ತಾರೆ, ಆಧಾರ್ ಸೀಡಿಂಗ್ ಕೂಡ ಮಾಡಿಕೊಡುತ್ತಾರೆ.

ಇನ್ನು ಮುಂದೆ ಈ ಪ್ರಶ್ನೆ ಹಿಡಿದು ಬಂದವರನ್ನು ನಾವು ಸುಮ್ಮನೆ ಇ-ಕೆವೈಸಿಗೆ ಕಳಿಸುವುದಿಲ್ಲ. ಮೊದಲು ಆ ಮೂರು ಸಾಲು, ಆಮೇಲೆ ಬ್ಯಾಂಕಿನ ಹೆಸರು ನೋಡಿ, ಹೋಗಬೇಕಾದ ಕಡೆಗೆ ಮಾತ್ರ ಚೀಟಿ ಬರೆದು ಕಳಿಸುತ್ತೇವೆ. ಬರುವಾಗ ಆಧಾರ್‌ಗೆ ಜೋಡಿಸಿದ ಮೊಬೈಲ್ ತರಬೇಕು. ಸಿಮ್ ಬದಲಾಗಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಹೊಸ ನಂಬರು ಹಾಕಿಸಬೇಕು. ಓಟಿಪಿಯನ್ನು ತಾವೇ ಓದಿ, ತಾವೇ ಒತ್ತಿರಿ. ಫೋನಿನಲ್ಲಿ ಕೇಳಿದವರಿಗೆ ಅದನ್ನು ಹೇಳಬೇಡಿರಿ.

ಮೊನ್ನೆ ಕಾಕಾ ಸಂಘಕ್ಕೆ ಬಂದಿದ್ದರು. ಸಂಗಡ ಅವರ ವಯಸ್ಸಿನ ಇನ್ನೊಬ್ಬರು. "ಇವರದೂ ಇಚಲಕರಂಜಿನ ಐತಿ, ನೋಡ್ರಿ" ಅಂದರು. ನೋಡಿದೆವು. ಹೌದು, ಅದೇ ಬ್ಯಾಂಕು, ಅದೇ `Inactive`.